ಗಿಡಮರಗಳಲ್ಲಿ ನೀರಿನ ಏರಿಕೆ ಮತ್ತು ಸಕ್ಕರೆಯ ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚನ್ನಗಿರಿ, ಹೊಸದುರ್ಗ, ಹಿರಿಯೂರು ಮತ್ತು ಚಳ್ಳಕೆರೆ ಕಡೆಯ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಬೆಳೆಗಾರರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಳ್ಳಲಾಗಿದೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಆರಂಭಿಸಬಹುದು. ಆದರೆ ವಿಷಯಕ್ಕೆ ಹೊಸಬರಾದವರು ಮೊದಲಿನಿಂದ ಓದಿದರೆ ಕೊನೆಯ ಭಾಗ ಸುಲಭವಾಗುತ್ತದೆ.

## ಮೊದಲು ತಿಳಿಯಬೇಕಾದವು

ಅಡಿಕೆ ಮರ ಅಷ್ಟೊಂದು ಎತ್ತರ ಇರುತ್ತದಲ್ಲ, ಅದರ ತುದಿಗೆ ನೀರು ಹತ್ತಿಸುವ ಪಂಪು ಎಲ್ಲಿದೆ?

ಮರದೊಳಗೆ ಪಂಪಿನ ಕೆಲಸ ಮಾಡುವ ಪ್ರತ್ಯೇಕ ಅಂಗವಿಲ್ಲ. ನೀರನ್ನು ಮೇಲಕ್ಕೆ ತರುವ ಬಲ ಹುಟ್ಟುವುದು ಬೇರಿನಲ್ಲಲ್ಲ, ತುದಿಯ ಗರಿಗಳಲ್ಲಿ. ಎಲೆಯ ಒಳಗಿನ ಜೀವಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಸಣ್ಣ ಅವಕಾಶಗಳಿದ್ದು, ಅವುಗಳ ಸುತ್ತಲಿನ ಕೋಶಭಿತ್ತಿಗಳು ಸದಾ ಒದ್ದೆಯಾಗಿರುತ್ತವೆ. ಆ ಭಿತ್ತಿಗಳ ಮೇಲಿನ ನೀರು ಆವಿಯಾಗಿ ಪತ್ರರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ. ಇದನ್ನೇ ಬಾಷ್ಪವಿಸರ್ಜನೆ ಎನ್ನುತ್ತೇವೆ. ಆವಿಯಾಗಿ ಹೋದ ನೀರಿನ ಜಾಗಕ್ಕೆ ಹಿಂದಿನ ನೀರು ಸರಿಯುತ್ತದೆ, ಅದರ ಹಿಂದಿನದು ಅದನ್ನು ಹಿಂಬಾಲಿಸುತ್ತದೆ. ಹೀಗೆ ಎಲೆಯ ನರದಿಂದ ಗರಿಯ ದಿಂಡಿಗೆ, ಅಲ್ಲಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ ಎಳೆತ ಕೆಳಗಿಳಿಯುತ್ತಾ ಬಂದು ಕೊನೆಗೆ ಮಣ್ಣಿನಲ್ಲಿರುವ ತೇವವನ್ನು ತಲುಪುತ್ತದೆ. ನೀರು ಏರುತ್ತದೆ, ಎಳೆತ ಇಳಿಯುತ್ತದೆ ಎಂದು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಬೇರು ಹೀರಿದ ನೀರಿನಲ್ಲಿ ನೂರಕ್ಕೆ ಸುಮಾರು 97 ಭಾಗ ಹೀಗೆ ಆವಿಯಾಗಿಯೇ ಹೋಗುತ್ತದೆ. ಗಿಡದ ಬೆಳವಣಿಗೆಗೂ ದ್ಯುತಿಸಂಶ್ಲೇಷಣೆಗೂ ಉಳಿಯುವುದು ಬಹಳ ಸ್ವಲ್ಪ. ಇದನ್ನು ಕೇಳಿ ಗಿಡ ನೀರನ್ನು ಪೋಲು ಮಾಡುತ್ತಿದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಪತ್ರರಂಧ್ರ ತೆರೆಯಲೇಬೇಕು, ತೆರೆದ ರಂಧ್ರದಿಂದ ಆವಿ ಹೊರಬೀಳದಂತೆ ತಡೆಯುವ ಉಪಾಯ ಗಿಡಕ್ಕಿಲ್ಲ.

ಬೆಳಗಿನ ಜಾವ ಮೆಕ್ಕೆಜೋಳದ ಎಲೆಯಂಚಿನಲ್ಲಿ ಹನಿ ನಿಂತಿರುತ್ತದೆ. ಬೇರೇ ನೀರನ್ನು ಮೇಲಕ್ಕೆ ಒತ್ತಿದ್ದರಿಂದ ಅದು ಬಂದದ್ದಲ್ಲವೇ?

ಹೌದು, ಆ ಹನಿಗಳು ಬೇರಿನ ಒತ್ತಡದಿಂದಲೇ ಬಂದವು. ರಾತ್ರಿ ಪತ್ರರಂಧ್ರಗಳು ಬಹುಪಾಲು ಮುಚ್ಚಿರುತ್ತವೆ, ಆದರೆ ಬೇರಿನ ಜೀವಕೋಶಗಳು ಲವಣಗಳನ್ನು ಒಳಕ್ಕೆ ತೆಗೆದುಕೊಳ್ಳುತ್ತಲೇ ಇರುತ್ತವೆ. ಲವಣ ಹೆಚ್ಚಾದ ಕಡೆಗೆ ಅಭಿಸರಣೆಯಿಂದ ನೀರು ಬಂದು ಸೇರಿ, ಒಳಗೆ ಒತ್ತಡ ಬೆಳೆದು, ಎಲೆಯ ಅಂಚಿನಲ್ಲಿರುವ ವಿಶೇಷ ರಂಧ್ರಗಳಿಂದ ನೀರು ಹನಿಯಾಗಿ ಹೊರಬೀಳುತ್ತದೆ. ಇಬ್ಬನಿ ಎಲೆಯ ಮೇಲೆಲ್ಲ ಹರಡಿರುತ್ತದೆ. ಈ ಹನಿಗಳು ಅಂಚಿನಲ್ಲಿ ಮತ್ತು ತುದಿಯಲ್ಲಿ ಮಾತ್ರ, ಸಾಲಾಗಿ ನಿಂತಿರುತ್ತವೆ. ಎರಡನ್ನೂ ಗುರುತಿಸಲು ಇಷ್ಟು ಸಾಕು.

ಆದರೆ ಈ ಒತ್ತಡ ಸಾಮಾನ್ಯವಾಗಿ 0.1 ಮೆಗಾಪಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. 0.1 ಮೆಗಾಪಾಸ್ಕಲ್ ಎಂದರೆ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಕಂಬವನ್ನು ಅಲುಗಾಡದೆ ನಿಲ್ಲಿಸುವಷ್ಟು ಬಲ ಮಾತ್ರ. ಅದನ್ನು ಹರಿಸಲು ಇನ್ನೂ ಬೇಕು. ಅದಕ್ಕಿಂತ ಮುಖ್ಯವಾಗಿ, ಹಗಲಿನಲ್ಲಿ ಎಲೆಗಳು ನೀರನ್ನು ವೇಗವಾಗಿ ಎಳೆಯತೊಡಗಿದಾಗ ಬೇರಿನ ಒತ್ತಡ ಉಳಿಯುವುದೇ ಇಲ್ಲ. ಗಿಡಕ್ಕೆ ನೀರು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಇಲ್ಲವಾಗುವ ಬಲದಿಂದ ಮರದ ನೀರು ಏರುತ್ತದೆ ಎಂದು ಹೇಳುವಂತಿಲ್ಲ.

ಕ್ಸೈಲಂ ನೀರು ಒಯ್ಯುತ್ತದೆ, ಫ್ಲೋಯಂ ಆಹಾರ ಒಯ್ಯುತ್ತದೆ. ಇಷ್ಟೇ ತಾನೇ ವ್ಯತ್ಯಾಸ?

ಪರೀಕ್ಷೆಯ ಒಂದು ಅಂಕಕ್ಕೆ ಇಷ್ಟು ಸಾಕು, ಆದರೆ ತಿಳಿವಳಿಕೆಗೆ ಸಾಲದು. ಫ್ಲೋಯಂನಲ್ಲಿಯೂ ಹರಿಯುವುದು ನೀರೇ, ಅದರಲ್ಲಿ ಸಕ್ಕರೆ ಕರಗಿರುತ್ತದೆ. ಕ್ಸೈಲಂನ ನೀರಿನಲ್ಲಿಯೂ ಲವಣಗಳು ಕರಗಿರುತ್ತವೆ. ನಿಜವಾದ ವ್ಯತ್ಯಾಸವಿರುವುದು ಹರಿಯುವ ರೀತಿಯಲ್ಲಿ: ಕ್ಸೈಲಂನಲ್ಲಿ ದ್ರವ ಎಳೆತಕ್ಕೆ ಸಿಕ್ಕಿ ಹರಿಯುತ್ತದೆ, ಫ್ಲೋಯಂನಲ್ಲಿ ಒತ್ತಡಕ್ಕೆ ಸಿಕ್ಕಿ ಹರಿಯುತ್ತದೆ. ಹಗಲಿನಲ್ಲಿ ಕ್ಸೈಲಂನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಕಡಿಮೆ, ಫ್ಲೋಯಂನ ಒಳಗಿನದು ಅದಕ್ಕಿಂತ ಹಲವು ಪಟ್ಟು ಹೆಚ್ಚು.

ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಎಳೆತಕ್ಕೆ ಕುಸಿಯದಂತೆ ಕ್ಸೈಲಂನ ನಾಳಗಳ ಗೋಡೆಗೆ ಲಿಗ್ನಿನ್ ಸೇರಿ ಗಟ್ಟಿಯಾಗಿರುತ್ತದೆ. ಆ ನಾಳಗಳು ಸತ್ತ ಜೀವಕೋಶಗಳ ಖಾಲಿ ಕವಚಗಳಾಗಿದ್ದು, ನೀರನ್ನು ಸಾಗಿಸಲು ತಾವೇನೂ ಶಕ್ತಿ ವ್ಯಯಿಸುವುದಿಲ್ಲ. ಫ್ಲೋಯಂನ ಜರಡಿ ನಾಳಗಳು ಜೀವಂತವಾಗಿರಲೇಬೇಕು, ಏಕೆಂದರೆ ಸಕ್ಕರೆಯನ್ನೂ ಒತ್ತಡವನ್ನೂ ಹಿಡಿದಿಡುವುದು ಜೀವಂತ ಪೊರೆ. ಅವುಗಳಲ್ಲಿ ಕೋಶಕೇಂದ್ರ ಇಲ್ಲದ ಕಾರಣ ಪಕ್ಕದ ಸಂಗಾತಿ ಕೋಶಗಳು ಅವನ್ನು ಪೋಷಿಸುತ್ತವೆ. ಕ್ಸೈಲಂನ ಹರಿವು ಬೇರಿನಿಂದ ಎಲೆಯ ಕಡೆಗೆ. ಫ್ಲೋಯಂನ ಹರಿವಾದರೋ ಸಕ್ಕರೆ ಎಲ್ಲಿ ತಯಾರಾಗುತ್ತದೆಯೋ ಅಥವಾ ಕೂಡಿಟ್ಟಿದೆಯೋ ಅಲ್ಲಿಂದ, ಅದು ಎಲ್ಲಿ ಬೇಕೋ ಅಲ್ಲಿಗೆ. ಅದು ಕೆಳಗೂ ಆಗಬಹುದು, ಮೇಲೂ ಆಗಬಹುದು.

ಮರದೊಳಗೆ ಅಷ್ಟು ನೀರು ಹರಿಯುತ್ತಿದ್ದರೆ ಕೊಡಲಿ ಹಾಕಿದಾಗ ಯಾಕೆ ಚಿಮ್ಮುವುದಿಲ್ಲ?

ಎಳೆತಕ್ಕೆ ಸಿಕ್ಕ ನೀರು ಚಿಮ್ಮುವುದಿಲ್ಲ. ಹಗಲಿನಲ್ಲಿ ಬೇವಿನ ಕಾಂಡಕ್ಕೆ ಏಟು ಬಿದ್ದಾಗ ಕತ್ತರಿಸಿದ ನಾಳಗಳೊಳಗಿನ ನೀರು ಎರಡೂ ಕಡೆಗೆ ಹಿಂದೆ ಸರಿದು, ಗಾಳಿ ಒಳಕ್ಕೆ ನುಗ್ಗುತ್ತದೆ. ಹೂದಾನಿಗೆ ಹೂ ಜೋಡಿಸುವವರು ದಂಟಿನ ತುದಿಯನ್ನು ನೀರಿನೊಳಗೇ ಮತ್ತೊಮ್ಮೆ ಕತ್ತರಿಸುವುದು ಈ ಕಾರಣಕ್ಕೆ: ಮೊದಲ ಬಾರಿ ಕತ್ತರಿಸಿದಾಗ ನಾಳಗಳೊಳಗೆ ಹೊಕ್ಕ ಗಾಳಿಯ ತುಂಡನ್ನು ತೆಗೆದುಹಾಕಿ, ಈ ಬಾರಿ ಗಾಳಿಯ ಬದಲು ನೀರೇ ಒಳಗೆ ಹೋಗುವಂತೆ ಮಾಡುತ್ತಾರೆ.

ಮತ್ತಿ ಮರಕ್ಕೆ ಏಟು ಹಾಕಿದರೆ ನೀರು ಬರುತ್ತದಲ್ಲ ಎಂದು ಕಾಡಿನ ಪರಿಚಯವಿರುವವರು ಕೇಳುತ್ತಾರೆ. ಅದು ಕಾಂಡದಲ್ಲಿ ಸಂಗ್ರಹವಾಗಿ ನಿಂತಿದ್ದ ನೀರು, ಎಲೆಗಳ ಕಡೆಗೆ ಏರುತ್ತಿರುವ ಹರಿವಲ್ಲ.

ಆಲದ ಮರದ ಹಾಲು ಫ್ಲೋಯಂನ ರಸವೇ?

ಅಲ್ಲ. ಆಲ, ಹಲಸು, ಎಕ್ಕ ಮುಂತಾದವುಗಳ ಹಾಲು ಬೇರೆಯೇ ಆದ ಕ್ಷೀರನಾಳಗಳಲ್ಲಿರುತ್ತದೆ. ಫ್ಲೋಯಂನ ರಸ ತೆಳ್ಳಗೆ, ಬಣ್ಣವಿಲ್ಲದೆ, ಸಿಹಿಯಾಗಿರುತ್ತದೆ.

## ಎಳೆತದ ಬಗ್ಗೆ

ಬಾವಿಯ ಮೇಲೆ ಇಟ್ಟ ಪಂಪು ಮೂವತ್ತು ಅಡಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಹಾಗಿದ್ದ ಮೇಲೆ ಎಲೆ ಐವತ್ತು ಅಡಿ ಕೆಳಗಿನ ನೀರನ್ನು ಹೇಗೆ ಎಳೆಯುತ್ತದೆ?

ಬಂದ ಪ್ರಶ್ನೆಗಳಲ್ಲಿ ಇದು ಅತ್ಯುತ್ತಮವಾದದ್ದು, ಮತ್ತು ಇದನ್ನು ಕೇಳಿದವರಲ್ಲಿ ಬೆಳೆಗಾರರೇ ಹೆಚ್ಚು. ಬಾವಿಯ ದಡದ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲ. ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಆಗ ಹೊರಗಿನ ವಾಯುಮಂಡಲ ಬಾವಿಯ ನೀರನ್ನು ಒತ್ತಿ ಕೊಳವೆಯೊಳಗೆ ಏರಿಸುತ್ತದೆ. ಆದ್ದರಿಂದ ವಾಯುಮಂಡಲದ ಒತ್ತಡ ಎಷ್ಟೋ ಅಷ್ಟೇ ಎತ್ತರ ಸಾಧ್ಯ: ಸಮುದ್ರ ಮಟ್ಟದಲ್ಲಿ ಸುಮಾರು 10.3 ಮೀಟರ್, 700 ಮೀಟರಿಗೂ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ಸುಮಾರು ಒಂಬತ್ತೂವರೆ ಮೀಟರ್. ಪಂಪಿನ ಸೋರಿಕೆ ಮತ್ತು ಕೊಳವೆಯ ಘರ್ಷಣೆ ಕಳೆದರೆ ಬಳಕೆಯಲ್ಲಿ ಸಿಗುವುದು ಇನ್ನೂ ಕಡಿಮೆ. ನೀರು ಆಳಕ್ಕಿಳಿದಂತೆ ಸಬ್‌ಮರ್ಸಿಬಲ್ ಪಂಪನ್ನು ಕೊಳವೆಬಾವಿಯೊಳಕ್ಕೇ ಇಳಿಸಿ ಕೆಳಗಿನಿಂದ ಒತ್ತಬೇಕಾಗಿ ಬಂದದ್ದು ಈ ಮಿತಿಯಿಂದಲೇ.

ಎಲೆಯ ಎಳೆತಕ್ಕೆ ಈ ಮಿತಿ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ವಾಯುಮಂಡಲ ನೀರನ್ನು ಒತ್ತುತ್ತಿಲ್ಲ, ನೀರನ್ನು ನೀರೇ ಎಳೆಯುತ್ತಿದೆ. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಲವಾಗಿ ಹಿಡಿದಿರುತ್ತವೆ ಮತ್ತು ನಾಳದ ಗೋಡೆಗೂ ಅಂಟಿರುತ್ತವೆ. ಗಾಳಿಯ ಗುಳ್ಳೆಯಿಲ್ಲದ, ಕಿರಿದಾದ ನಾಳದಲ್ಲಿರುವ ನೀರಿನ ಕಂಬವನ್ನು ಮೇಲಿನಿಂದ ಎಳೆದರೆ ಅದು ತುಂಡಾಗದೆ ಇಡಿಯಾಗಿ ಮೇಲೇರುತ್ತದೆ. ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಮುಂದಿಟ್ಟ ವಿವರಣೆ ಇದು. ಒಳಗಿನ ಒತ್ತಡ ಸೊನ್ನೆಗಿಂತಲೂ ಕೆಳಗಿಳಿದು ಋಣಾತ್ಮಕವಾಗುತ್ತದೆ ಎಂಬ ಮಾತನ್ನು ನಂಬುವುದು ಅಂದಿಗೂ ಕಷ್ಟವಾಗಿತ್ತು, ಇಂದಿನ ವಿದ್ಯಾರ್ಥಿಗೂ ಕಷ್ಟವೇ. ಅನಿಲದಲ್ಲಿ ಅಂತಹ ಒತ್ತಡ ಅಸಾಧ್ಯ, ದ್ರವದಲ್ಲಿ ಸಾಧ್ಯ.

ಹದಿನೈದು ಮೀಟರಿನ ಅಡಿಕೆ ಮರಕ್ಕೆ ಎಷ್ಟು ಎಳೆತ ಬೇಕು? ಲೆಕ್ಕ ಹಾಕಿ ತೋರಿಸಿ.

ಚನ್ನಗಿರಿಯ ತೋಟವೊಂದರಲ್ಲಿ ಹಿಂದಿನ ದಿನ ನೀರು ಕೊಟ್ಟಿದ್ದಾರೆ ಎಂದುಕೊಳ್ಳೋಣ. ಚೆನ್ನಾಗಿ ನೀರುಂಡು ಹದವಾದ ಮಣ್ಣು ನೀರನ್ನು ಸುಮಾರು ಮೈನಸ್ 0.03 ಮೆಗಾಪಾಸ್ಕಲ್‌ನಷ್ಟು ಸಣ್ಣ ಬಲದಿಂದ ಹಿಡಿದಿರುತ್ತದೆ. ಗುರುತ್ವವನ್ನು ಮೀರಲು ಪ್ರತಿ ಮೀಟರಿಗೆ 0.01ರಂತೆ 15 ಮೀಟರಿಗೆ 0.15 ಮೆಗಾಪಾಸ್ಕಲ್ ಬೇಕು. ಹರಿವಿನ ಘರ್ಷಣೆಯನ್ನು ಮೀರಲು, ಮಧ್ಯಾಹ್ನದ ಜೋರು ಹರಿವಿನಲ್ಲಿ, ಮೀಟರಿಗೆ 0.02ರಂತೆ ಹಿಡಿದರೆ 0.3 ಬೇಕು. ಮೂರನ್ನೂ ಕೂಡಿದರೆ ಸುಳಿಯ ಹತ್ತಿರದ ಕ್ಸೈಲಂನಲ್ಲಿ ಸುಮಾರು ಮೈನಸ್ 0.48 ಮೆಗಾಪಾಸ್ಕಲ್ ಇರಬೇಕಾಗುತ್ತದೆ. ಬೇರಿನ ಒಳಗಿನ ಮತ್ತು ಗರಿಯ ಒಳಗಿನ ತಡೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಆದ್ದರಿಂದ ಇದನ್ನು ಕನಿಷ್ಠ ಅಂದಾಜು ಎಂದು ತಿಳಿಯಬೇಕು. ಮೀಟರಿಗೆ 0.02 ಎಂಬ ದರವೂ ನಾಳದ ಅಗಲವನ್ನು ಅವಲಂಬಿಸಿದೆ: ತ್ರಿಜ್ಯ ಎರಡರಷ್ಟಾದರೆ ಅದೇ ಎಳೆತಕ್ಕೆ ಹದಿನಾರು ಪಟ್ಟು ನೀರು ಹರಿಯುತ್ತದೆ.

ಈಗ ಅದೇ ಮರವನ್ನು ಬೆಳಗಿನ ಜಾವ ನೋಡೋಣ. ಹರಿವು ನಿಂತಿರುವುದರಿಂದ ಘರ್ಷಣೆಯ ಪಾಲು ಸೊನ್ನೆ. ಉಳಿದದ್ದು ಮೈನಸ್ 0.18 ಮಾತ್ರ. ಬೇಸಿಗೆಯಲ್ಲಿ ಮಣ್ಣು ಮೈನಸ್ 0.6ರವರೆಗೆ ಒಣಗಿದರೆ ಮಧ್ಯಾಹ್ನದ ಅಂಕಿ ಮೈನಸ್ 1.05ಕ್ಕೆ ಇಳಿಯುತ್ತದೆ. ಮರದ ಎತ್ತರ ಬದಲಾಗಿಲ್ಲ, ಘರ್ಷಣೆಯೂ ಅಷ್ಟೇ. ಬದಲಾದದ್ದು ಮಣ್ಣಿನ ಹಿಡಿತ ಮಾತ್ರ. ಎತ್ತರದ ಮರಕ್ಕೆ ನೀರು ಹತ್ತುವುದು ಕಷ್ಟ ಎಂದು ನಾವು ಭಾವಿಸುತ್ತೇವೆ, ಆದರೆ ನಮ್ಮ ಬಯಲುಸೀಮೆಯಲ್ಲಿ ಎತ್ತರಕ್ಕಿಂತ ಒಣ ಮಣ್ಣೇ ಮರಕ್ಕೆ ದೊಡ್ಡ ಹೊರೆ.

ಇಷ್ಟು ಎಳೆತವನ್ನು ಎಲೆ ಕೊಡಬಲ್ಲದೇ ಎಂಬ ಸಂಶಯ ಬೇಡ. ಕೋಶಭಿತ್ತಿಯ ಎಳೆಗಳ ನಡುವಿನ ರಂಧ್ರಗಳು ಎಷ್ಟು ಸಣ್ಣವೆಂದರೆ, ತ್ರಿಜ್ಯ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟಿದ್ದಾಗ, ಅಲ್ಲಿ ಬಾಗಿ ನಿಂತ ನೀರಿನ ಮೇಲ್ಮೈ ಸುಮಾರು 15 ಮೆಗಾಪಾಸ್ಕಲ್ ಎಳೆತವನ್ನು ತಡೆದುಕೊಳ್ಳಬಲ್ಲದು. ಹೊರಗಿನ ಗಾಳಿಯ ಬೇಡಿಕೆಯಂತೂ ಅಪಾರ: 30 ಡಿಗ್ರಿ ಉಷ್ಣತೆಯಲ್ಲಿ ಅರ್ಧದಷ್ಟು ತೇವವಿರುವ ಗಾಳಿ ನೀರನ್ನು ಸೆಳೆಯುವ ಬಲ, ಅಂದರೆ ಅದರ ಜಲವಿಭವ, ಸುಮಾರು ಮೈನಸ್ 97 ಮೆಗಾಪಾಸ್ಕಲ್.

ಈ ಎಳೆತವನ್ನು ಯಾರಾದರೂ ಅಳೆದಿದ್ದಾರೆಯೇ, ಬರಿಯ ಲೆಕ್ಕವೇ?

ಅಳೆದಿದ್ದಾರೆ, ಈಗಲೂ ಅಳೆಯುತ್ತಾರೆ. 1965ರಲ್ಲಿ ಪರ್ ಶೋಲಾಂಡರ್ ಮತ್ತು ಸಂಗಡಿಗರು ಇದಕ್ಕೆ ಒತ್ತಡದ ಕೋಣೆಯೊಂದನ್ನು ಬಳಸಿ ತೋರಿಸಿದರು. ಎಲೆಯನ್ನು ಕತ್ತರಿಸಿದ ಕೂಡಲೇ ತೊಟ್ಟಿನ ನಾಳಗಳ ನೀರು ಒಳಕ್ಕೆ ಸರಿದುಕೊಳ್ಳುತ್ತದೆ. ಎಲೆಯನ್ನು ಗಟ್ಟಿ ಲೋಹದ ಪಾತ್ರೆಯೊಳಗಿಟ್ಟು, ತೊಟ್ಟಿನ ತುದಿ ಮಾತ್ರ ಹೊರಗಿರುವಂತೆ ಬಿಗಿದು, ಒಳಗಿನ ಅನಿಲದ ಒತ್ತಡವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ತೊಟ್ಟಿನ ಕತ್ತರಿಸಿದ ಮುಖದ ಮೇಲೆ ನೀರು ಮತ್ತೆ ಕಾಣಿಸಿಕೊಳ್ಳುತ್ತದೆ. ನೀರನ್ನು ಹಿಂದಕ್ಕೆ ತರಲು ಬೇಕಾದ ಆ ಒತ್ತಡವೇ ಮೊದಲಿದ್ದ ಎಳೆತದ ಅಳತೆ. ಸೂರ್ಯೋದಯಕ್ಕೆ ಮುನ್ನ ತೆಗೆದ ಅಳತೆ ಮಣ್ಣಿನ ಸ್ಥಿತಿಯನ್ನು ಹೇಳುತ್ತದೆ, ಮಧ್ಯಾಹ್ನದ ಅಳತೆ ಗಿಡ ಅನುಭವಿಸುವ ಹೊರೆಯನ್ನು ಹೇಳುತ್ತದೆ.

ಜಗದೀಶಚಂದ್ರ ಬೋಸರು ಜೀವಕೋಶಗಳು ಮಿಡಿದು ನೀರನ್ನು ಏರಿಸುತ್ತವೆ ಎಂದಿದ್ದರಲ್ಲವೇ?

ಹೌದು, 1923ರಲ್ಲಿ ಅವರು ಕಾಂಡದ ಒಳತೊಗಟೆಯ ಜೀವಕೋಶಗಳ ಮಿಡಿತದಿಂದ ನೀರು ಏರುತ್ತದೆ ಎಂದು ವಾದಿಸಿದರು. ಸಸ್ಯಗಳ ಸ್ಪಂದನವನ್ನು ಅಳೆಯಲು ಅವರು ರೂಪಿಸಿದ ಉಪಕರಣಗಳ ಸೂಕ್ಷ್ಮತೆ ಗೌರವಕ್ಕೆ ಅರ್ಹವಾದದ್ದು. ಆದರೆ ನೀರಿನ ಏರಿಕೆಗೆ ಜೀವಂತ ಕೋಶಗಳು ಅನಿವಾರ್ಯವಲ್ಲ ಎಂಬುದನ್ನು ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1891ರಲ್ಲಿಯೇ ತೋರಿಸಿದ್ದರು. ಬುಡ ಕತ್ತರಿಸಿದ ಎತ್ತರದ ಮರಗಳನ್ನು ಅವರು ವಿಷದ್ರಾವಣದಲ್ಲಿ ನಿಲ್ಲಿಸಿದರು. ವಿಷ ಏರುತ್ತಾ ದಾರಿಯ ಜೀವಕೋಶಗಳನ್ನು ಕೊಂದಿತು, ಆದರೂ ದ್ರವ ಏರುವುದು ನಿಲ್ಲಲಿಲ್ಲ. ಅದು ನಿಂತದ್ದು ವಿಷ ಎಲೆಗಳನ್ನು ತಲುಪಿ ಅವು ಸತ್ತ ಮೇಲೆ. ಎಳೆಯುವ ಜಾಗ ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮರ ತಾನು ಶಕ್ತಿ ಕೊಡದಿದ್ದರೆ ನೀರು ಎತ್ತುವ ಶಕ್ತಿ ಎಲ್ಲಿಂದ ಬರುತ್ತದೆ?

ಬಿಸಿಲಿನಿಂದ. ಒಂದು ಲೀಟರ್ ನೀರನ್ನು 15 ಮೀಟರ್ ಎತ್ತಲು ಸುಮಾರು 147 ಜೂಲ್ ಸಾಕು. ಅದೇ ಒಂದು ಲೀಟರನ್ನು ಆವಿಯಾಗಿಸಲು ಸುಮಾರು 24 ಲಕ್ಷ ಜೂಲ್ ಬೇಕು. ಅಂದರೆ ಆವಿಯಾಗಿಸುವ ಖರ್ಚು ಎತ್ತುವ ಖರ್ಚಿನ ಹದಿನಾರು ಸಾವಿರ ಪಟ್ಟಿಗೂ ಹೆಚ್ಚು. ಒಂದು ಅಡಿಕೆ ಮರದ ಮೂಲಕ ದಿನಕ್ಕೆ 20 ಲೀಟರ್ ಹಾದುಹೋಗುತ್ತದೆ ಎಂದಿಟ್ಟುಕೊಂಡರೆ, ಅದನ್ನು ಆವಿಯಾಗಿಸಲು ಬಿಸಿಲು ಮತ್ತು ಬಿಸಿಗಾಳಿ ಕೊಡುವ ಶಕ್ತಿ ಸುಮಾರು ಹದಿಮೂರು ಯೂನಿಟ್ ವಿದ್ಯುತ್ತಿಗೆ ಸಮ. ಎತ್ತುವ ಕೆಲಸ ಅದರೊಳಗೆ ಎಲ್ಲಿಯೂ ಕಾಣಿಸದಷ್ಟು ಸಣ್ಣದು.

ಎಳೆಯುತ್ತಾ ಎಳೆಯುತ್ತಾ ನೀರಿನ ಕಂಬ ತುಂಡಾಗುವುದಿಲ್ಲವೇ?

ಆಗುತ್ತದೆ, ಮತ್ತು ಬರಗಾಲದಲ್ಲಿ ಮರಗಳು ಸಾಯುವುದಕ್ಕೆ ಇದು ಒಂದು ಮುಖ್ಯ ಕಾರಣ. ಎಳೆತ ಬಹಳ ಹೆಚ್ಚಾದಾಗ ಪಕ್ಕದ ಗಾಳಿ ತುಂಬಿದ ನಾಳದಿಂದ, ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ, ಗಾಳಿಯ ಗುಳ್ಳೆಯೊಂದು ಒಳಗೆ ಸೆಳೆಯಲ್ಪಡುತ್ತದೆ. ಅದು ಕ್ಷಣದಲ್ಲಿ ಹಿಗ್ಗಿ ಆ ನಾಳವನ್ನೆಲ್ಲ ತುಂಬಿಕೊಳ್ಳುತ್ತದೆ. ಹೀಗೆ ಕಂಬ ಮುರಿಯುವಾಗ ಹೊರಡುವ ಸಣ್ಣ ಶಬ್ದವನ್ನು ಸೂಕ್ಷ್ಮ ಉಪಕರಣಗಳಿಂದ ಕೇಳಬಹುದು. ಒಣಗುತ್ತಿರುವ ಗಿಡದಲ್ಲಿ ಈ ಶಬ್ದಗಳ ಸಂಖ್ಯೆ ಏರುತ್ತಾ ಹೋಗುತ್ತದೆ.

ಒಂದು ನಾಳ ಕೆಟ್ಟರೆ ನೀರು ಪಕ್ಕದ ನಾಳಗಳಿಗೆ ಸರಿದು ದಾರಿ ಮಾಡಿಕೊಳ್ಳುತ್ತದೆ, ಗುಳ್ಳೆ ಮಾತ್ರ ರಂಧ್ರದ ಪೊರೆಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಉಳಿಯುತ್ತದೆ. ಮೆಕ್ಕೆಜೋಳದಂತಹ ಬೆಳೆಗಳಲ್ಲಿ ರಾತ್ರಿಯ ಬೇರಿನ ಒತ್ತಡ ಇಂತಹ ನಾಳಗಳನ್ನು ಮತ್ತೆ ತುಂಬಬಲ್ಲದು. ಬೇವು, ಮಾವುಗಳಂತಹ ಮರಗಳು ವರ್ಷವರ್ಷವೂ ಹೊಸ ಕ್ಸೈಲಂ ಕಟ್ಟಿಕೊಳ್ಳುತ್ತವೆ. ಆದರೆ ತುಂಡಾದ ನಾಳಗಳ ಪ್ರಮಾಣ ಹೆಚ್ಚಾದಷ್ಟೂ ಉಳಿದವುಗಳ ಮೇಲಿನ ಎಳೆತ ಹೆಚ್ಚುತ್ತದೆ, ಆಗ ಅವೂ ಬೇಗ ತುಂಡಾಗುತ್ತವೆ. ಈ ಸರಣಿ ಒಮ್ಮೆ ಹಿಡಿದರೆ ಆಮೇಲೆ ಎಷ್ಟು ನೀರು ಕೊಟ್ಟರೂ ಕೊಂಬೆ ಚೇತರಿಸಿಕೊಳ್ಳದೆ ಇರಬಹುದು. ಪತ್ರರಂಧ್ರಗಳನ್ನು ಮುಚ್ಚಿ, ಆಹಾರ ತಯಾರಿಕೆಯನ್ನು ನಿಲ್ಲಿಸಿಯಾದರೂ ಗಿಡ ಎಳೆತವನ್ನು ಮಿತಿಯಲ್ಲಿಡುವುದು ಇದನ್ನು ತಪ್ಪಿಸಲೆಂದೇ.

## ಫ್ಲೋಯಂ ಮತ್ತು ಎರಡರ ಹೋಲಿಕೆ

ದಾಳಿಂಬೆಗೆ ಗೂಟಿ ಕಟ್ಟುವಾಗ ಸುತ್ತಲೂ ತೊಗಟೆ ಸುಲಿಯುತ್ತೇವೆ. ಆದರೂ ಎಲೆ ಬಾಡುವುದಿಲ್ಲ, ಯಾಕೆ?

ಎರಡು ಸಾಗಣೆಗಳ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಗೂಟಿಗಿಂತ ಒಳ್ಳೆಯ ಪ್ರಯೋಗವಿಲ್ಲ. ದಾಳಿಂಬೆಯ ಕೊಂಬೆಯಲ್ಲಿ ಕೇಂಬಿಯಂ ಎಂಬ ತೆಳುವಾದ ಬೆಳೆಯುವ ಪದರವಿದೆ. ಅದರ ಒಳಗಡೆಯಲ್ಲಿ ಕಟ್ಟಿಗೆ, ಅಂದರೆ ಕ್ಸೈಲಂ. ಹೊರಗಡೆಯಲ್ಲಿ ತೊಗಟೆ, ಅದರ ಒಳಭಾಗದಲ್ಲಿ ಫ್ಲೋಯಂ. ಪೆನ್ಸಿಲ್ ದಪ್ಪದ, ಬಲಿತ ಕೊಂಬೆಯಲ್ಲಿ ಒಂದು ಅಂಗುಲದಷ್ಟು ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ಸುಲಿದಾಗ ಫ್ಲೋಯಂ ಪೂರ್ತಿ ಕಡಿದುಹೋಗುತ್ತದೆ, ಕಟ್ಟಿಗೆಗೆ ಏನೂ ಆಗುವುದಿಲ್ಲ. ನೀರು ಎಂದಿನಂತೆ ಏರುತ್ತದೆ, ಎಲೆಗಳು ಹಸಿರಾಗಿಯೇ ಇರುತ್ತವೆ.

ಎಲೆಗಳಲ್ಲಿ ತಯಾರಾದ ಸಕ್ಕರೆ ಮಾತ್ರ ಕೆಳಗಿಳಿಯಲಾರದೆ ಉಂಗುರದ ಮೇಲಂಚಿನಲ್ಲಿ ನಿಲ್ಲುತ್ತದೆ. ಚಿಗುರಿನಿಂದ ಕೆಳಮುಖವಾಗಿ ಬರುವ ಆಕ್ಸಿನ್ ಹಾರ್ಮೋನೂ ಅಲ್ಲಿಯೇ ಸೇರುತ್ತದೆ. ಮೇಲಂಚು ಉಬ್ಬಿಕೊಳ್ಳುತ್ತದೆ, ತೇವದ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟಿದ್ದರೆ ಅಲ್ಲಿಂದಲೇ ಬೇರು ಒಡೆಯುತ್ತದೆ. ಕೆಳಗಿನ ಅಂಚಿನಲ್ಲಿ ಉಬ್ಬೂ ಇಲ್ಲ, ಬೇರೂ ಇಲ್ಲ. ಇಟಲಿಯ ಮಾರ್ಸೆಲ್ಲೊ ಮಾಲ್ಪಿಘಿ ಹದಿನೇಳನೆಯ ಶತಮಾನದಲ್ಲಿ ಮರಗಳ ತೊಗಟೆ ಸುಲಿದು ಇದೇ ಉಬ್ಬನ್ನು ಗಮನಿಸಿದ್ದರು.

ಗೂಟಿ ವಿಫಲವಾಗುವ ಎರಡು ಬಗೆಗಳೂ ಇದನ್ನೇ ಹೇಳುತ್ತವೆ. ಕಟ್ಟಿಗೆಯ ಮೇಲಿನ ಜಾರುವ ಪದರವನ್ನು, ಅಂದರೆ ಕೇಂಬಿಯಂ ಅನ್ನು, ಕೆರೆದು ತೆಗೆಯದಿದ್ದರೆ ಹೊಸ ತೊಗಟೆ ಬೆಳೆದು ಎರಡು ಅಂಚುಗಳೂ ಕೂಡಿಕೊಳ್ಳುತ್ತವೆ; ಸಕ್ಕರೆ ಮತ್ತೆ ಇಳಿಯತೊಡಗುತ್ತದೆ, ಬೇರು ಬರುವುದಿಲ್ಲ. ಚಾಕು ಆಳಕ್ಕೆ ಹೋಗಿ ಕಟ್ಟಿಗೆಯನ್ನು ಕತ್ತರಿಸಿದರೆ ನೀರಿನ ದಾರಿಯೇ ಕಡಿದು, ಕೆಲವೇ ದಿನಗಳಲ್ಲಿ ಎಲೆ ಬಾಡುತ್ತದೆ. ಏನೂ ಬದಲಾವಣೆ ಕಾಣದಿದ್ದರೆ ಚಾಕು ಮೇಲೆಯೇ ನಿಂತಿದೆ, ಬೇಗ ಬಾಡಿದರೆ ಆಳಕ್ಕೆ ಹೋಗಿದೆ.

ಇದೇ ಉಂಗುರವನ್ನು ಮರದ ಬುಡದಲ್ಲಿ ಮಾಡಿದರೆ ಮರ ಕೂಡಲೇ ಸಾಯುವುದಿಲ್ಲ. ಬೇರುಗಳು ಕೂಡಿಟ್ಟ ಪಿಷ್ಟದ ಮೇಲೆ ಕೆಲವು ಕಾಲ ಬದುಕುತ್ತವೆ. ಅದು ಮುಗಿದು ಬೇರು ಸತ್ತ ಮೇಲೆ ನೀರು ನಿಲ್ಲುತ್ತದೆ, ಆಮೇಲೆ ಎಲೆ ಒಣಗುತ್ತದೆ.

ಹಾಗಾದರೆ ಅಡಿಕೆ ಮರದ ಕಾಂಡವನ್ನು ಸುತ್ತಲೂ ಕೆತ್ತಿದರೂ ಅದು ಹೀಗೆಯೇ ಸಾಯುತ್ತದೆಯೇ?

ಇಲ್ಲ. ಅಡಿಕೆ, ತೆಂಗು, ಈಚಲು ಇವು ಏಕದಳ ಸಸ್ಯಗಳು. ಇವುಗಳ ಕಾಂಡದಲ್ಲಿ ಕೇಂಬಿಯಂ ಇಲ್ಲ, ಸುಲಿಯಬಹುದಾದ ತೊಗಟೆಯೂ ಇಲ್ಲ. ಕ್ಸೈಲಂ ಮತ್ತು ಫ್ಲೋಯಂ ಎರಡೂ ಸೇರಿದ ಸಣ್ಣ ಸಣ್ಣ ನಾಳಕೂರ್ಚಗಳು ಕಾಂಡದ ಅಡ್ಡಕ್ಕೂ ಚದುರಿಕೊಂಡಿದ್ದು, ಅಂಚಿನ ಕಡೆಗೆ ದಟ್ಟವಾಗಿರುತ್ತವೆ. ಅಡಿಕೆಯ ಕಾಂಡ ಸೀಳಿದಾಗ ಕಾಣುವ ನಾರುಗಳು ಈ ಕೂರ್ಚಗಳನ್ನು ಸುತ್ತಿರುವ ನಾರುಗಳೇ. ಹೊರಗಿನ ಕೆತ್ತನೆಯಿಂದ ಹೊರಗಿನ ಕೂರ್ಚಗಳ ನೀರಿನ ದಾರಿಯೂ ಸಕ್ಕರೆಯ ದಾರಿಯೂ ಒಟ್ಟಿಗೆ ಕಡಿಯುತ್ತವೆ, ಒಳಗಿನವು ಉಳಿಯುತ್ತವೆ.

ಆದರೆ ಇದರಿಂದ ನಿರ್ಲಕ್ಷ್ಯಕ್ಕೆ ಅವಕಾಶವಿಲ್ಲ. ಕೇಂಬಿಯಂ ಇಲ್ಲದ ಕಾರಣ ಅಡಿಕೆಯ ಕಾಂಡಕ್ಕಾದ ಗಾಯ ಎಂದೂ ಮುಚ್ಚಿಕೊಳ್ಳುವುದಿಲ್ಲ, ಹೊಸ ನಾಳಗಳೂ ಹುಟ್ಟುವುದಿಲ್ಲ. ಮರ ಎಳೆಯ ವಯಸ್ಸಿನಲ್ಲಿದ್ದಾಗ ಬುಡದಲ್ಲಿ ರಚನೆಯಾದ ಜರಡಿ ನಾಳಗಳೇ ಹಲವು ದಶಕಗಳ ನಂತರವೂ ಬೇರಿಗೆ ಸಕ್ಕರೆ ಒಯ್ಯುತ್ತಿರಬೇಕು. ಕೋಶಕೇಂದ್ರವಿಲ್ಲದ ಜೀವಕೋಶಗಳು ಅಷ್ಟು ಕಾಲ ಬದುಕಿರುವುದು ಸಸ್ಯಲೋಕದ ನಿಜವಾದ ಬೆರಗುಗಳಲ್ಲೊಂದು.

ಫ್ಲೋಯಂನಲ್ಲಿ ಒತ್ತಡ ಹೇಗೆ ಹುಟ್ಟುತ್ತದೆ? ಅದು ಕೆಳಗೂ ಮೇಲೂ ಹರಿಯುವುದು ಹೇಗೆ?

ಎಲೆಯಲ್ಲಿ ಸಂಗಾತಿ ಕೋಶಗಳು ಶಕ್ತಿ ವ್ಯಯಿಸಿ ಸುಕ್ರೋಸನ್ನು ಜರಡಿ ನಾಳಕ್ಕೆ ತುಂಬುತ್ತವೆ. ಸಕ್ಕರೆ ಹೆಚ್ಚಾದ ಆ ನಾಳಕ್ಕೆ ಪಕ್ಕದ ಕ್ಸೈಲಂನಿಂದ ಅಭಿಸರಣೆಯ ಮೂಲಕ ನೀರು ಬಂದು, ಒತ್ತಡ ಒಂದು ಮೆಗಾಪಾಸ್ಕಲ್‌ನ ಆಸುಪಾಸಿಗೆ ಏರುತ್ತದೆ. ಇನ್ನೊಂದು ತುದಿಯಲ್ಲಿ, ಬೇರಿನಲ್ಲೋ ಕಾಯಿಯಲ್ಲೋ, ಸಕ್ಕರೆಯನ್ನು ತೆಗೆದುಕೊಳ್ಳುವುದರಿಂದ ನೀರೂ ಹೊರಬಂದು ಒತ್ತಡ ಇಳಿಯುತ್ತದೆ. ಎರಡು ತುದಿಗಳ ಒತ್ತಡದ ಅಂತರವೇ ರಸವನ್ನು ಹರಿಸುತ್ತದೆ. ಜರ್ಮನಿಯ ಅರ್ನ್ಸ್ಟ್ ಮುಂಕ್ 1930ರಲ್ಲಿ ಕೊಟ್ಟ ಈ ವಿವರಣೆಯೇ ಇಂದಿಗೂ ನಿಂತಿದೆ. ವೇಗ ಗಂಟೆಗೆ ಸುಮಾರು ಒಂದು ಮೀಟರ್. ಅಗಲವಾದ ನಾಳಗಳಿರುವ ಮರಗಳ ಕ್ಸೈಲಂನಲ್ಲಿ ಮಧ್ಯಾಹ್ನದ ವೇಗ ಗಂಟೆಗೆ 16ರಿಂದ 45 ಮೀಟರ್‌ವರೆಗೂ ಇರುತ್ತದೆ.

ದಿಕ್ಕನ್ನು ನಿರ್ಧರಿಸುವುದು ಸಕ್ಕರೆಯ ಬೇಡಿಕೆ. ಈರುಳ್ಳಿ ಗಡ್ಡೆ ಕಟ್ಟುವಾಗ ಸಕ್ಕರೆ ಎಲೆಯಿಂದ ಕೆಳಗಿಳಿಯುತ್ತದೆ. ಅದೇ ಗಡ್ಡೆಯನ್ನು ಬೀಜಕ್ಕಾಗಿ ನೆಟ್ಟಾಗ ಗಡ್ಡೆಯಿಂದ ಹೂದಂಟಿಗೆ ಏರುತ್ತದೆ. ಒಂದೇ ಹೊತ್ತಿನಲ್ಲಿ ಎರಡೂ ದಿಕ್ಕಿನ ಹರಿವು ನಡೆಯಬಹುದು, ಆದರೆ ಬೇರೆ ಬೇರೆ ಜರಡಿ ನಾಳಗಳಲ್ಲಿ.

ಈ ಒತ್ತಡಕ್ಕೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. ತೆಂಗಿನ ಹೊಂಬಾಳೆಯ ತುದಿಯನ್ನು ಕೊಯ್ದಾಗ ತೊಟ್ಟಿಕ್ಕುವ ನೀರಾ ಫ್ಲೋಯಂನ ರಸ. ಜರಡಿ ನಾಳಗಳು ಗಾಯವಾದ ಕೂಡಲೇ ತಮ್ಮ ರಂಧ್ರಗಳನ್ನು ಮುಚ್ಚಿಕೊಳ್ಳುವ ಸ್ವಭಾವದವು, ಆದ್ದರಿಂದ ನೀರಾ ಇಳಿಸುವವರು ತುದಿಯನ್ನು ದಿನವೂ ತೆಳ್ಳಗೆ ಮತ್ತೆ ಮತ್ತೆ ಕೊಯ್ಯಬೇಕಾಗುತ್ತದೆ. ಇನ್ನು ಸಸ್ಯಹೇನು ತನ್ನ ಸೂಜಿಬಾಯನ್ನು ಒಂದೇ ಜರಡಿ ನಾಳಕ್ಕೆ ಚುಚ್ಚುತ್ತದೆ. ಹೇನನ್ನು ಕತ್ತರಿಸಿ ತೆಗೆದು ಸೂಜಿಯನ್ನು ಮಾತ್ರ ಉಳಿಸಿದರೂ ಅದರ ತುದಿಯಿಂದ ಸಿಹಿರಸ ಗಂಟೆಗಟ್ಟಲೆ ಒಸರುತ್ತದೆ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಇದನ್ನು ತೋರಿಸಿದ ಮೇಲೆ ಫ್ಲೋಯಂನ ಶುದ್ಧ ರಸವನ್ನು ಪರೀಕ್ಷಿಸುವುದು ಸಾಧ್ಯವಾಯಿತು.

## ಹೊಲ ತೋಟಗಳಲ್ಲಿ

ಬುಡದಲ್ಲಿ ತೇವ ಇದೆ, ಆದರೂ ದಾಳಿಂಬೆ ಬಾಡುತ್ತಿದೆ. ಬಾಯಾರಿಕೆಯೋ ರೋಗವೋ ತಿಳಿಯುವುದು ಹೇಗೆ?

ಮೊದಲು ಬೆಳಗಿನ ಜಾವ ಗಿಡವನ್ನು ನೋಡಬೇಕು. ಮಧ್ಯಾಹ್ನ ಬಾಡಿದ್ದು ಬೆಳಗ್ಗೆ ಸರಿಯಾಗಿದ್ದರೆ, ಬಿಸಿಲಿನಲ್ಲಿ ಎಲೆಯ ಬೇಡಿಕೆಗೆ ಬೇರಿನ ಪೂರೈಕೆ ಸಾಲುತ್ತಿಲ್ಲ ಎಂದಷ್ಟೇ ಅರ್ಥ, ದಾರಿ ತೆರೆದಿದೆ. ಬೆಳಗ್ಗೆಯೂ ಬಾಡಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ಕೆಲವೇ ಕೊಂಬೆಗಳು ಮೊದಲು ಹಳದಿಯಾಗಿ ಒಣಗಿ, ಆಮೇಲೆ ಇಡೀ ಗಿಡಕ್ಕೆ ಹರಡುತ್ತಿದ್ದರೆ ಸೊರಗು ರೋಗವನ್ನು ಶಂಕಿಸಬೇಕು. ಸೆರಟೊಸಿಸ್ಟಿಸ್ ಶಿಲೀಂಧ್ರ ಕ್ಸೈಲಂನಲ್ಲಿ ಬೆಳೆದು ನಾಳಗಳನ್ನು ಕಟ್ಟಿಹಾಕುತ್ತದೆ. ಬಾಧಿತ ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಕಟ್ಟಿಗೆಯಲ್ಲಿ ಕಡು ಕಂದು ಬಣ್ಣದ ಕಲೆ ಕಾಣುತ್ತದೆ, ಆರೋಗ್ಯವಂತ ಕಟ್ಟಿಗೆ ತಿಳಿ ಬಣ್ಣದಲ್ಲಿರುತ್ತದೆ. ಇಂತಹ ಗಿಡಕ್ಕೆ ಇನ್ನಷ್ಟು ನೀರು ಬಿಡುವುದರಿಂದ ಪ್ರಯೋಜನವಿಲ್ಲ, ರೋಗ ಪಕ್ಕದ ಗಿಡಗಳಿಗೆ ಹರಡಲು ಅದು ನೆರವಾಗಬಹುದು.

ಕಟ್ಟಿಗೆ ಶುಭ್ರವಾಗಿದ್ದು ಬೇರುಗಳು ಕಪ್ಪಾಗಿ ಮೆತ್ತಗಾಗಿದ್ದರೆ ನೀರು ನಿಂತದ್ದೇ ಕಾರಣ. ಕಪ್ಪು ಮಣ್ಣಿನಲ್ಲಿ ಗಾಳಿಯಾಡದೆ ಬೇರಿಗೆ ಆಮ್ಲಜನಕ ಸಿಗದಿದ್ದಾಗ ಅದರ ಪೊರೆಗಳು ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ. ಬೇರೂ ಕಟ್ಟಿಗೆಯೂ ಎರಡೂ ಚೆನ್ನಾಗಿದ್ದರೆ ಮಣ್ಣಿನ ಉಪ್ಪನ್ನು, ಬುಡಕ್ಕೆ ಒತ್ತಾಗಿ ಹಾಕಿದ ಗೊಬ್ಬರವನ್ನು ಗಮನಿಸಬೇಕು: ಕರಗಿದ ಲವಣ ಹೆಚ್ಚಾದರೆ ನೀರು ಕಣ್ಣಿಗೆ ಕಂಡರೂ ಗಿಡ ಅದನ್ನು ಒಣ ಮಣ್ಣಿನಿಂದ ಎಳೆದಷ್ಟೇ ಕಷ್ಟದಿಂದ ಎಳೆಯಬೇಕಾಗುತ್ತದೆ.

ಶೇಂಗಾಕ್ಕೆ ಹೂವಾಡುವಾಗ ಜಿಪ್ಸಂ ಹಾಕಿ ಎನ್ನುತ್ತಾರೆ. ಬೇರು ಹೀರಿದ ಕ್ಯಾಲ್ಸಿಯಂ ಕಾಯಿಗೆ ಹೋಗುವುದಿಲ್ಲವೇ?

ಬಹಳ ಕಡಿಮೆ ಹೋಗುತ್ತದೆ, ಕಾರಣ ಎರಡು ಸಾಗಣೆಗಳ ವ್ಯತ್ಯಾಸದಲ್ಲಿಯೇ ಇದೆ. ಕ್ಯಾಲ್ಸಿಯಂ ಕ್ಸೈಲಂನಲ್ಲಿ ನೀರಿನೊಡನೆ ಸಾಗುತ್ತದೆ, ಫ್ಲೋಯಂನಲ್ಲಿ ಅದರ ಚಲನೆ ಅತ್ಯಲ್ಪ. ಆದ್ದರಿಂದ ಎಲ್ಲಿ ಬಾಷ್ಪವಿಸರ್ಜನೆ ಹೆಚ್ಚೋ ಅಲ್ಲಿಗೆ, ಅಂದರೆ ಎಲೆಗೆ, ಕ್ಯಾಲ್ಸಿಯಂ ಸೇರುತ್ತದೆ. ಒಮ್ಮೆ ಸೇರಿದ್ದು ಫ್ಲೋಯಂ ಹಿಡಿದು ಮರಳಿ ಬರುವುದಿಲ್ಲ. ಚಳ್ಳಕೆರೆಯ ಹೊಲದಲ್ಲಿ ಮಣ್ಣಿನೊಳಗೆ ಬೆಳೆಯುವ ಶೇಂಗಾ ಕಾಯಿ ಆವಿಯನ್ನು ಬಿಡುವಂತಿಲ್ಲ, ಹಾಗಾಗಿ ಬೇರಿನಿಂದ ಏರಿದ ನೀರು ಅದರ ಕಡೆಗೆ ಎಳೆಯಲ್ಪಡುವುದಿಲ್ಲ. ಅದಕ್ಕೆ ಸಕ್ಕರೆ ಫ್ಲೋಯಂನಿಂದ ಧಾರಾಳವಾಗಿ ಬರುತ್ತದೆ, ಕ್ಯಾಲ್ಸಿಯಂ ಬರುವುದಿಲ್ಲ.

ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದಲೇ ನೇರವಾಗಿ ಹೀರಿಕೊಳ್ಳುತ್ತದೆ. ಜಿಪ್ಸಂ ಅನ್ನು ಆಳದ ಬೇರಿಗೆ ಕೊಡದೆ, ಹೂವಿನಿಂದ ಇಳಿದ ಸೂಜಿಗಳು ಮಣ್ಣು ಹೊಗುವ ಹೊತ್ತಿಗೆ ಸಾಲಿನ ಬುಡದಲ್ಲಿ, ಕಾಯಿ ಕಟ್ಟುವ ಮೇಲ್ಪದರದಲ್ಲಿ ಬೆರೆಸುವುದು ಇದಕ್ಕಾಗಿ. ಆ ಪದರ ಒಣಗಿದ್ದರೆ ಜಿಪ್ಸಂ ಕರಗುವುದಿಲ್ಲ. ಕೆಳಗಿನ ತೇವದಿಂದ ಗಿಡ ಹಸಿರಾಗಿ ಕಂಡರೂ ಕಿತ್ತು ನೋಡಿದಾಗ ಕಾಯಿಗಳು ಜೊಳ್ಳಾಗಿರುತ್ತವೆ.